ತ್ರಿಜ್ಯವೇ ಅಳತೆಗೋಲು: ಕಂಸದ ಉದ್ದ, ಖಂಡದ ವಿಸ್ತೀರ್ಣ ಮತ್ತು ರೇಡಿಯನ್

ವೃತ್ತದ ಪರಿಧಿಯ ಒಂದು ತುಂಡಿಗೆ ಕಂಸ ಎಂದು ಹೆಸರು. ಆ ಕಂಸದ ಎರಡು ತುದಿಗಳಿಂದ ವೃತ್ತದ ಕೇಂದ್ರಕ್ಕೆ ಎರಡು ಗೆರೆ ಎಳೆದರೆ ಅಲ್ಲಿ ಮೂಡುವ ಕೋನ ಕೇಂದ್ರ ಕೋನ. ಎರಡು ಗೆರೆಗಳಿಗೂ ಕಂಸಕ್ಕೂ ನಡುವೆ ಸಿಕ್ಕಿದ ಜಾಗ ತ್ರಿಜ್ಯಾಂತರ ಖಂಡ. ಹೋಳಿಗೆಯನ್ನು ಅರ್ಧಕ್ಕೆ ಮಡಚಿ, ಮತ್ತೊಮ್ಮೆ ಅರ್ಧಕ್ಕೆ ಮಡಚಿ ಎಲೆಯ ಮೇಲೆ ಇಟ್ಟರೆ ಕಾಣುವ ಆಕಾರ ಇದೇ. ಅದರ ಚೂಪು ಮೂಲೆ ಕೇಂದ್ರ, ಎರಡು ನೇರ ಅಂಚುಗಳು ತ್ರಿಜ್ಯಗಳು, ಡೊಂಕು ಅಂಚು ಕಂಸ.

ಈ ಆಕಾರದ ಬಗ್ಗೆ ಎರಡು ಪ್ರಶ್ನೆ ಕೇಳಬಹುದು. ಡೊಂಕು ಅಂಚಿನ ಉದ್ದ ಎಷ್ಟು? ಒಳಗಿನ ವಿಸ್ತೀರ್ಣ ಎಷ್ಟು? ಎರಡಕ್ಕೂ ಉತ್ತರ ಕೊಡುವುದು ಕೇಂದ್ರ ಕೋನ. ಹೋಳಿಗೆಯ ತ್ರಿಜ್ಯ 9 ಸೆಂಟಿಮೀಟರ್ ಎಂದುಕೊಂಡರೆ ಇಡೀ ಪರಿಧಿ 2 × 3.1416 × 9, ಅಂದರೆ 56.55 ಸೆಂ.ಮೀ. ಎರಡು ಸಲ ಮಡಚಿದಾಗ ಉಳಿಯುವ ಕೋನ 90 ಡಿಗ್ರಿ, 360ರಲ್ಲಿ ಕಾಲು ಭಾಗ. ಹಾಗಾಗಿ ಡೊಂಕು ಅಂಚು ಪರಿಧಿಯ ಕಾಲು ಭಾಗ, 14.14 ಸೆಂ.ಮೀ. ಮಡಿಕೆ ಎಲೆಯ ಮೇಲೆ ಹಿಡಿಯುವ ಜಾಗವೂ ಇಡೀ ಹೋಳಿಗೆಯ ಕಾಲು ಭಾಗವೇ. ಪೂರ್ತಿ ಹೋಳಿಗೆ 254.5 ಚದರ ಸೆಂ.ಮೀ. ಆದರೆ ಮಡಿಕೆ 63.6 ಚದರ ಸೆಂ.ಮೀ.

ಕಾಲು ಭಾಗಕ್ಕೆ ನಿಜವಾದದ್ದು ಯಾವ ಭಾಗಕ್ಕಾದರೂ ನಿಜ. ಕೇಂದ್ರ ಕೋನವು ಪೂರ್ತಿ ಸುತ್ತಿನ ಎಷ್ಟನೇ ಪಾಲೋ, ಕಂಸವು ಪರಿಧಿಯ ಅಷ್ಟನೇ ಪಾಲು, ಖಂಡವು ವೃತ್ತದ ಅಷ್ಟನೇ ಪಾಲು. ಕೋನ ಇಮ್ಮಡಿಯಾದರೆ ಇವೂ ಇಮ್ಮಡಿ, ಅರ್ಧವಾದರೆ ಅರ್ಧ. ಕೋನವನ್ನು ಡಿಗ್ರಿಯಲ್ಲಿ ಬರೆದಾಗ ಶಾಲೆಯ ಪುಸ್ತಕದ ಸೂತ್ರಗಳು ಸಿಗುತ್ತವೆ:

ಕಂಸದ ಉದ್ದ = (θ/360) × 2πr
ಖಂಡದ ವಿಸ್ತೀರ್ಣ = (θ/360) × πr²

ಸೂತ್ರಗಳು ಸರಿಯಾಗಿವೆ. ಆದರೆ ಅವುಗಳಲ್ಲಿ ವೃತ್ತಕ್ಕೆ ಸಂಬಂಧವೇ ಇಲ್ಲದ ಒಂದು ಸಂಖ್ಯೆ ಕುಳಿತಿದೆ: 360.

360 ಎಲ್ಲಿಂದ ಬಂತು

ಪೂರ್ತಿ ಸುತ್ತನ್ನು 360 ಪಾಲು ಮಾಡುವ ರೂಢಿ ಬಾಬಿಲೋನಿಯಾದ ಅರವತ್ತರ ಎಣಿಕೆಯಿಂದ ಬೆಳೆದು ಬಂದದ್ದು. 360 ಅನ್ನು 2, 3, 4, 5, 6, 8, 9, 10, 12 ಇವೆಲ್ಲವೂ ಶೇಷವಿಲ್ಲದೆ ಭಾಗಿಸುತ್ತವೆ. ಭಿನ್ನರಾಶಿಯ ರಗಳೆ ಬೇಡವೆನ್ನುವ ಲೆಕ್ಕಿಗರಿಗೆ ಇದು ಅನುಕೂಲ. ಭಾರತದ ಜ್ಯೋತಿರ್ಗಣಿತವೂ ಇದೇ ವಿಭಾಗವನ್ನು ಬಳಸಿತು. ಸುತ್ತಿಗೆ 12 ರಾಶಿ, ರಾಶಿಗೆ 30 ಭಾಗ, ಭಾಗಕ್ಕೆ 60 ಕಲೆ. ಹೀಗೆ ಒಂದು ಸುತ್ತಿಗೆ 21,600 ಕಲೆ.

ಅನುಕೂಲವೇನೋ ಹೌದು, ಆದರೆ ಅದು ಮನುಷ್ಯರ ಆಯ್ಕೆ. 360ರ ಬದಲು 400 ಪಾಲು ಮಾಡಿದರೂ ವೃತ್ತಕ್ಕೇನೂ ಆಗುವುದಿಲ್ಲ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಲಂಬಕೋನವನ್ನು ನೂರು ಪಾಲು ಮಾಡುವ ಪದ್ಧತಿ ಬಂದಿತ್ತು. ಭೂಮಾಪನದ ಕೆಲವು ಉಪಕರಣಗಳಲ್ಲಿ ಅದು ಇಂದಿಗೂ ಉಳಿದಿದೆ. ಆ ಪದ್ಧತಿಯಲ್ಲಿ ಸೂತ್ರದ 360 ಇರುವ ಕಡೆ 400 ಬರುತ್ತದೆ, ಅಷ್ಟೇ. ಯಾರ ಆಯ್ಕೆಯನ್ನೂ ಕೇಳದೆ ವೃತ್ತದಿಂದಲೇ ಹುಟ್ಟುವ ಕೋನಮಾನ ಒಂದಿದೆಯೇ ಎಂದು ಹುಡುಕಿದರೆ ಸಿಗುವುದು ರೇಡಿಯನ್.

ದಾರ ಮತ್ತು ತಟ್ಟೆ

ಊಟದ ತಟ್ಟೆಯೊಂದರ ನಡುವನ್ನು ಗುರುತಿಸಿ, ಅಲ್ಲಿಂದ ಅಂಚಿನವರೆಗಿನ ಅಂತರಕ್ಕೆ ಸರಿಯಾಗಿ ಒಂದು ದಾರ ಕತ್ತರಿಸಿಕೊಳ್ಳಬೇಕು. ಇದು ತ್ರಿಜ್ಯ. ಈಗ ಆ ದಾರವನ್ನು ತಟ್ಟೆಯ ಅಂಚಿನ ಮೇಲೆ, ಅಂಚಿನ ಡೊಂಕನ್ನೇ ಅನುಸರಿಸಿ ಕೂರಿಸಬೇಕು. ದಾರದ ಎರಡು ತುದಿಗಳಿಂದ ನಡುವಿನ ಗುರುತಿಗೆ ಗೆರೆ ಎಳೆದಾಗ ಸಿಗುವ ಕೋನವೇ ಒಂದು ರೇಡಿಯನ್. ಅಂದರೆ, ತ್ರಿಜ್ಯದಷ್ಟೇ ಉದ್ದದ ಕಂಸ ಕೇಂದ್ರದಲ್ಲಿ ಮಾಡುವ ಕೋನ ಒಂದು ರೇಡಿಯನ್.

ದಾರವನ್ನು ಅಂಚಿನ ಮೇಲೆ ಒಂದರ ಹಿಂದೆ ಒಂದರಂತೆ ಹಾಕುತ್ತ ಹೋದರೆ ಆರು ಸಲ ಪೂರ್ತಿ ಹಿಡಿಸುತ್ತದೆ, ಏಳನೆಯ ಸಲಕ್ಕೆ ಕಾಲು ದಾರಕ್ಕಿಂತ ಸ್ವಲ್ಪ ಹೆಚ್ಚು ಜಾಗ ಉಳಿಯುತ್ತದೆ. ಕರಾರುವಾಕ್ಕಾಗಿ ಹೇಳಿದರೆ 6.2832 ದಾರ. ಈ ಸಂಖ್ಯೆ 2π. ಪರಿಧಿ 2πr ಎನ್ನುವ ಹಳೆಯ ಮಾತಿನ ಅರ್ಥವೂ ಇದೇ: ಅಂಚಿನ ಮೇಲೆ 2π ತ್ರಿಜ್ಯಗಳು ಹಿಡಿಸುತ್ತವೆ. ಆದ್ದರಿಂದ ಪೂರ್ತಿ ಸುತ್ತು 2π ರೇಡಿಯನ್, ಅರ್ಧ ಸುತ್ತು π ರೇಡಿಯನ್, ಲಂಬಕೋನ π/2 ರೇಡಿಯನ್. 180 ಡಿಗ್ರಿಯನ್ನು π ಇಂದ ಭಾಗಿಸಿದರೆ ಒಂದು ರೇಡಿಯನ್ ಎಂದರೆ 57.2958 ಡಿಗ್ರಿ ಎಂದು ತಿಳಿಯುತ್ತದೆ. ತಿರುಗಿಸಿ ಹೇಳಿದರೆ ಒಂದು ಡಿಗ್ರಿ ಎಂದರೆ 0.01745 ರೇಡಿಯನ್.

57.3 ಎನ್ನುವ ಸಂಖ್ಯೆ 60ಕ್ಕೆ ಇಷ್ಟು ಹತ್ತಿರ ಇರುವುದು ಕಾಕತಾಳೀಯವಲ್ಲ. ಕೈವಾರದಲ್ಲಿ ವೃತ್ತ ಬರೆದು, ಅದೇ ಅಂತರವಿಟ್ಟು ಪರಿಧಿಯ ಮೇಲೆ ಗುರುತು ಹಾಕುತ್ತ ಬಂದರೆ ಸರಿಯಾಗಿ ಆರು ಗುರುತು ಬೀಳುತ್ತವೆ. ಹೂವಿನ ಎಸಳು ಬಿಡಿಸುವ ಮಕ್ಕಳಿಗೆಲ್ಲ ಇದು ಗೊತ್ತು. ಅಲ್ಲಿ ಎರಡು ಗುರುತುಗಳ ನಡುವಿನ ನೇರ ಅಂತರ, ಅಂದರೆ ಜ್ಯಾ, ತ್ರಿಜ್ಯಕ್ಕೆ ಸಮ, ಕೋನ 60 ಡಿಗ್ರಿ. ರೇಡಿಯನ್ನಿನಲ್ಲಾದರೋ ತ್ರಿಜ್ಯಕ್ಕೆ ಸಮವಾಗುವುದು ಡೊಂಕು ದಾರಿ. ಅಷ್ಟೇ ಉದ್ದದ ದಾರ ಬಾಗಿ ಸಾಗಿದಾಗ ನೇರವಾಗಿ ಚಾಚಿದಷ್ಟು ದೂರ ತಲುಪಲಾರದು. ಹಾಗಾಗಿ ಕೋನ 60ಕ್ಕೆ ಮುಟ್ಟದೆ 57.3ಕ್ಕೇ ನಿಲ್ಲುತ್ತದೆ.

ತಟ್ಟೆಯ ಬದಲು ಬಂಡಿಯ ಗಾಲಿ ತೆಗೆದುಕೊಂಡರೂ ಕೋನ ಬದಲಾಗುವುದಿಲ್ಲ. ಗಾಲಿ ದೊಡ್ಡದಾದಂತೆ ದಾರವೂ ಅದೇ ಪ್ರಮಾಣದಲ್ಲಿ ಉದ್ದವಾಗುತ್ತದೆ. ಆದ್ದರಿಂದ ರೇಡಿಯನ್ ಎಂಬುದು ಒಂದು ಅನುಪಾತ: ಕಂಸದ ಉದ್ದವನ್ನು ತ್ರಿಜ್ಯದಿಂದ ಭಾಗಿಸಿದಾಗ ಸಿಗುವ ಸಂಖ್ಯೆ. ಮೀಟರನ್ನು ಮೀಟರಿನಿಂದ ಭಾಗಿಸಿದಾಗ ಮಾನ ಹೊಡೆದುಹೋಗಿ ಬರಿಯ ಸಂಖ್ಯೆ ಉಳಿಯುತ್ತದೆ. ಕೋನವನ್ನು 0.5 ಎಂದಷ್ಟೇ ಬರೆದು, ಮುಂದೆ ಯಾವ ಚಿಹ್ನೆಯೂ ಇಲ್ಲದಿದ್ದರೆ ಅದು ರೇಡಿಯನ್ ಎಂದು ತಿಳಿಯುವುದು ಈ ಕಾರಣಕ್ಕೆ.

ಹಳೆಯ 3438

ಹೆಸರು ಹೊಸದಾದರೂ ತ್ರಿಜ್ಯದಿಂದಲೇ ಕಂಸವನ್ನು ಅಳೆಯುವ ಉಪಾಯ ಹಳೆಯದು. 499ರ ಸುಮಾರಿನ ಆರ್ಯಭಟೀಯದ ಜ್ಯಾ ಕೋಷ್ಟಕದಲ್ಲಿ ವೃತ್ತದ ತ್ರಿಜ್ಯ 3438. ಮೊದಲ ನೋಟಕ್ಕೆ ಇದು ವಿಚಿತ್ರ ಸಂಖ್ಯೆ. ಪರಿಧಿಯನ್ನು 21,600 ಕಲೆ ಎಂದಿಟ್ಟುಕೊಂಡು, ಅದೇ ಕಲೆಯ ಅಳತೆಯಲ್ಲಿ ತ್ರಿಜ್ಯ ಎಷ್ಟು ಬರುತ್ತದೆ ಎಂದು ಕೇಳಿದರೆ ಗುಟ್ಟು ಬಿಡುತ್ತದೆ. ಆರ್ಯಭಟ ಕೊಟ್ಟ 3.1416 ಬಳಸಿ 21,600 ಅನ್ನು 6.2832ರಿಂದ ಭಾಗಿಸಿದರೆ 3437.7 ಬರುತ್ತದೆ, ಪೂರ್ಣಾಂಕದಲ್ಲಿ 3438. ಇಂದಿನ ಮಾತಿನಲ್ಲಿ ಒಂದು ರೇಡಿಯನ್ನಿನಲ್ಲಿ ಇರುವ ಕಲೆಗಳ ಸಂಖ್ಯೆ ಇದೇ.

ಕಂಸಕ್ಕೂ ತ್ರಿಜ್ಯಕ್ಕೂ ಒಂದೇ ಅಳತೆಗೋಲು ಇಟ್ಟಿದ್ದರ ಫಲ ಕೋಷ್ಟಕದ ಮೊದಲ ಸಾಲಿನಲ್ಲೇ ಕಾಣುತ್ತದೆ. 225 ಕಲೆಯ ಕಂಸಕ್ಕೆ ಅಲ್ಲಿರುವ ಜ್ಯಾ ಬೆಲೆಯೂ 225. ಕೋನ ಚಿಕ್ಕದಿದ್ದಾಗ ಬಿಲ್ಲಿಗೂ ಹೆದೆಗೂ ಉದ್ದದಲ್ಲಿ ಹೆಚ್ಚುಕಡಿಮೆ ವ್ಯತ್ಯಾಸವೇ ಇರುವುದಿಲ್ಲ ಎಂಬ ಸಂಗತಿ ಅಲ್ಲಿ ಅಂಕಿಯಾಗಿಯೇ ನಿಂತಿದೆ. ಬಿಲ್ಲು, ಹೆದೆ ಎಂಬುದು ಇಲ್ಲಿ ಬರಿಯ ಹೋಲಿಕೆಯಲ್ಲ. ಸಂಸ್ಕೃತ ಗಣಿತದಲ್ಲಿ ಕಂಸಕ್ಕೆ ಚಾಪ ಎಂದೂ, ಅದರ ತುದಿಗಳನ್ನು ಸೇರಿಸುವ ನೇರ ಗೆರೆಗೆ ಜ್ಯಾ, ಅಂದರೆ ಹೆದೆ ಎಂದೂ ಹೆಸರು. ಕನ್ನಡ ಶಾಲೆಗಳಲ್ಲಿ ದಿನವೂ ಹೇಳುವ ತ್ರಿಜ್ಯ ಎಂಬ ಪದವೂ ಅಲ್ಲಿಂದಲೇ ಬಂದದ್ದು: ಮೂರು ರಾಶಿಗಳ, ಎಂದರೆ 90 ಡಿಗ್ರಿಯ ಜ್ಯಾ. ಅದು ವೃತ್ತದ ಕೇಂದ್ರದಿಂದ ಪರಿಧಿಯವರೆಗಿನ ಗೆರೆಯೇ ಆಗಿರುತ್ತದೆ.

ಯುರೋಪಿನಲ್ಲಿ 18ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ರೋಜರ್ ಕೋಟ್ಸ್ ಈ ಅಳತೆಯನ್ನು ಸ್ಪಷ್ಟವಾಗಿ ಗುರುತಿಸಿದ್ದರು. ರೇಡಿಯನ್ ಎಂಬ ಪದ ಮುದ್ರಣದಲ್ಲಿ ಕಾಣಿಸಿಕೊಂಡದ್ದು 1873ರಲ್ಲಿ, ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನಲ್ಲಿ ಜೇಮ್ಸ್ ಥಾಮ್ಸನ್ ತಯಾರಿಸಿದ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ.

ಸೂತ್ರ ಹಗುರವಾಗುವ ಬಗೆ

ರೇಡಿಯನ್ನಿನ ವ್ಯಾಖ್ಯೆಯೇ θ = s/r. ಇಲ್ಲಿ s ಕಂಸದ ಉದ್ದ, r ತ್ರಿಜ್ಯ. ಅದನ್ನೇ ತಿರುಗಿಸಿ ಬರೆದರೆ ಕಂಸದ ಸೂತ್ರ ಸಿದ್ಧ:

s = rθ

360 ಮಾಯವಾಯಿತು, π ಸಹ ಕಾಣುವುದಿಲ್ಲ. ತ್ರಿಜ್ಯದ ಎಷ್ಟು ಪಟ್ಟು ಉದ್ದ ಕಂಸಕ್ಕಿದೆ ಎಂಬುದನ್ನು ಕೋನವೇ ಹೇಳುತ್ತಿರುವಾಗ ಗುಣಿಸುವುದೊಂದೇ ಬಾಕಿ.

ಬೆಂಗಳೂರು ಮತ್ತು ದೆಹಲಿಯ ನಡುವಿನ ದೂರವನ್ನು ಇದರಿಂದ ಅಂದಾಜು ಮಾಡಬಹುದು. ಎರಡೂ ನಗರಗಳು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಬೆಂಗಳೂರಿನ ಅಕ್ಷಾಂಶ ಸುಮಾರು 12.97 ಡಿಗ್ರಿ, ದೆಹಲಿಯದು 28.61. ಭೂಮಿಯ ಕೇಂದ್ರದಿಂದ ನೋಡಿದರೆ ಇವೆರಡರ ನಡುವಿನ ಕೋನ 15.64 ಡಿಗ್ರಿ, ರೇಡಿಯನ್ನಿನಲ್ಲಿ 0.273. ಭೂಮಿಯ ಸರಾಸರಿ ತ್ರಿಜ್ಯ 6,371 ಕಿಲೋಮೀಟರ್. ಎರಡನ್ನೂ ಗುಣಿಸಿದರೆ ಸುಮಾರು 1,740 ಕಿಲೋಮೀಟರ್. ಇದು ನೆಲದ ಬಾಗನ್ನು ಅನುಸರಿಸಿದ ದೂರ, ಅಂದರೆ ವಿಮಾನ ಹಾರುವ ದಾರಿಯ ದೂರ. ರಸ್ತೆ, ರೈಲುಗಳು ಸುತ್ತಿ ಬಳಸಿ ಹೋಗುವುದರಿಂದ ಅವುಗಳ ದೂರ ಇದಕ್ಕಿಂತ ಹೆಚ್ಚು.

ಓಟದ ಅಂಕಣದ ಲೆಕ್ಕ

ಕಂಸದ ಸೂತ್ರವನ್ನು ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಬರೆದದ್ದನ್ನು ನೋಡಬೇಕೆಂದರೆ ಕ್ರೀಡಾಂಗಣಕ್ಕೆ ಹೋಗಬೇಕು. 400 ಮೀಟರ್ ಓಟದಲ್ಲಿ ಎಂಟು ಓಟಗಾರರು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಹೊರಗಿನ ಲೇನಿನವರು ಮುಂದೆ, ಒಳಗಿನವರು ಹಿಂದೆ ನಿಲ್ಲುತ್ತಾರೆ. ಹೊರಗಿನ ಲೇನಿನ ತಿರುವು ದೊಡ್ಡದು, ಆದ್ದರಿಂದ ಆ ಓಟಗಾರರಿಗೆ ಮುಂದಿನ ಜಾಗ ಕೊಟ್ಟು ದೂರ ಸರಿಮಾಡಲಾಗುತ್ತದೆ. ಈ ಮುಂಗಡವನ್ನು ಸ್ಟ್ಯಾಗರ್ ಎನ್ನುತ್ತಾರೆ. ಅದು ಎಷ್ಟಿರಬೇಕು ಎಂಬುದೇ ಲೆಕ್ಕ.

ಅಂತರರಾಷ್ಟ್ರೀಯ ಮಾದರಿಯ 400 ಮೀಟರ್ ಅಂಕಣದಲ್ಲಿ ತಲಾ 84.39 ಮೀಟರಿನ ಎರಡು ನೇರ ಭಾಗಗಳೂ ಎರಡು ಅರ್ಧವೃತ್ತದ ತಿರುವುಗಳೂ ಇರುತ್ತವೆ. ತಿರುವಿನ ಒಳ ಅಂಚಿನ ಕಟ್ಟೆಯ ತ್ರಿಜ್ಯ 36.50 ಮೀಟರ್. ಓಟಗಾರರು ಕಟ್ಟೆಯನ್ನು ಮುಟ್ಟಿಕೊಂಡು ಓಡುವುದಿಲ್ಲವಾದ್ದರಿಂದ ಮೊದಲ ಲೇನಿನ ದೂರವನ್ನು ಕಟ್ಟೆಯಿಂದ 30 ಸೆಂಟಿಮೀಟರ್ ಹೊರಗೆ ಅಳೆಯುವುದು ನಿಯಮ. ಹೀಗೆ ಅಳತೆಯ ತ್ರಿಜ್ಯ 36.80 ಮೀಟರ್. ಎರಡು ಅರ್ಧವೃತ್ತಗಳ ಒಟ್ಟು ಕೋನ 2π. ಆದ್ದರಿಂದ ತಿರುವುಗಳ ಉದ್ದ 36.80 × 6.2832, ಅಂದರೆ 231.22 ಮೀಟರ್. ನೇರ ಭಾಗಗಳ 168.78 ಮೀಟರನ್ನು ಕೂಡಿಸಿದರೆ ಸರಿಯಾಗಿ 400.

ಎರಡನೆಯ ಲೇನಿಗೆ ಬಂದರೆ ಲೇನಿನ ಅಗಲ 1.22 ಮೀಟರ್. ಅಲ್ಲಿ ಒಳಬದಿಗೆ ಕಟ್ಟೆಯಿಲ್ಲ, ಬರಿಯ ಗೆರೆ ಇರುತ್ತದೆ. ಅದಕ್ಕೆ ದೂರವನ್ನು ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಅಳೆಯುತ್ತಾರೆ. ಅಳತೆಯ ತ್ರಿಜ್ಯ 36.50 + 1.22 + 0.20, ಅಂದರೆ 37.92 ಮೀಟರ್. ಮೊದಲ ಲೇನಿಗಿಂತ ಇದು 1.12 ಮೀಟರ್ ಹೆಚ್ಚು. ಹೆಚ್ಚುವರಿ ಉದ್ದ ತಿಳಿಯಲು ಎರಡೂ ಕಂಸಗಳನ್ನು ಬೇರೆ ಬೇರೆ ಲೆಕ್ಕ ಹಾಕಿ ಕಳೆಯಬೇಕಾಗಿಲ್ಲ. ಕೋನ ಒಂದೇ ಆಗಿರುವುದರಿಂದ ತ್ರಿಜ್ಯಗಳ ವ್ಯತ್ಯಾಸವನ್ನು ಕೋನದಿಂದ ಗುಣಿಸಿದರೆ ಸಾಕು: 1.12 × 6.2832 = 7.04 ಮೀಟರ್. ಎರಡನೆಯ ಲೇನಿನ ಓಟಗಾರ ಅಷ್ಟು ಮುಂದೆ ನಿಲ್ಲಬೇಕು. ಅಲ್ಲಿಂದಾಚೆ ಪ್ರತಿ ಲೇನಿಗೂ 1.22 × 6.2832, ಅಂದರೆ 7.67 ಮೀಟರ್ ಸೇರುತ್ತ ಹೋಗಿ ಎಂಟನೆಯ ಲೇನಿನ ಮುಂಗಡ 53.03 ಮೀಟರ್ ಆಗುತ್ತದೆ. 200 ಮೀಟರ್ ಓಟದಲ್ಲಿ ಒಂದೇ ತಿರುವು ಬರುವುದರಿಂದ ಕೋನ π, ಮುಂಗಡವೂ ಅರ್ಧ: ಎರಡನೆಯ ಲೇನಿಗೆ 3.52 ಮೀಟರ್.

ಗಮನಿಸಬೇಕಾದದ್ದೆಂದರೆ ಈ ಲೆಕ್ಕದಲ್ಲಿ ತಿರುವಿನ ತ್ರಿಜ್ಯ ಬಳಕೆಗೇ ಬರಲಿಲ್ಲ. ಹಳ್ಳಿಯ ಶಾಲೆಯ ಮೈದಾನದಲ್ಲಿ ಗೂಟ ನೆಟ್ಟು, ಹಗ್ಗ ಕಟ್ಟಿ 200 ಮೀಟರಿನ ಚಿಕ್ಕ ಅಂಕಣ ಹಾಕಿದರೂ ಒಂದು ಪೂರ್ತಿ ಸುತ್ತಿಗೆ, ಲೇನಿನ ಅಗಲ 1.22 ಮೀಟರ್ ಇರುವವರೆಗೆ, ಲೇನಿನಿಂದ ಲೇನಿಗೆ ಮುಂಗಡ ಅದೇ 7.67 ಮೀಟರ್. ಮೈದಾನ ಚಿಕ್ಕದೆಂದು ಮುಂಗಡವನ್ನೂ ಅರ್ಧ ಮಾಡಿದರೆ ಹೊರಗಿನ ಲೇನಿನ ಮಕ್ಕಳಿಗೆ ಅನ್ಯಾಯವಾಗುತ್ತದೆ.

ಗುರುತು ಹಾಕುವಾಗ ಇನ್ನೊಂದು ತಪ್ಪು ಸುಲಭವಾಗಿ ನುಸುಳುತ್ತದೆ. 53.03 ಮೀಟರ್ ಎಂಬುದು ಡೊಂಕಿನ ಉದ್ದ. ಟೇಪನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಬಿಗಿಯಾಗಿ ಎಳೆದರೆ ಅಳತೆಗೆ ಸಿಗುವುದು ಜ್ಯಾ. ಎಂಟನೆಯ ಲೇನಿನ ಅಳತೆಯ ತ್ರಿಜ್ಯ 45.24 ಮೀಟರ್. ಅದರ ಮೇಲೆ 53.03 ಮೀಟರಿನ ಕಂಸ ಮಾಡುವ ಕೋನ 53.03 ÷ 45.24, ಅಂದರೆ 1.172 ರೇಡಿಯನ್, ಸುಮಾರು 67 ಡಿಗ್ರಿ. ಆ ಕೋನಕ್ಕೆ ಜ್ಯಾ 50.05 ಮೀಟರ್ ಮಾತ್ರ. ಟೇಪು ನೇರ ಎಳೆದು 53.03ಕ್ಕೆ ಗುರುತು ಹಾಕಿದರೆ ಓಟಗಾರ ಮೂರು ಮೀಟರಿಗೂ ಹೆಚ್ಚು ಮುಂದೆ ನಿಂತಂತಾಗುತ್ತದೆ. ಎರಡನೆಯ ಲೇನಿನ 7.04 ಮೀಟರಿನಲ್ಲಿ ಇದೇ ತಪ್ಪು ಮಾಡಿದರೆ ಬರುವ ವ್ಯತ್ಯಾಸ ಒಂದು ಸೆಂಟಿಮೀಟರ್ ಅಷ್ಟೇ. ಕೋನ ಚಿಕ್ಕದಿದ್ದಾಗ ಬಿಲ್ಲೂ ಹೆದೆಯೂ ಒಂದೇ ಎಂದ ಹಳೆಯ ಕೋಷ್ಟಕದ ಮಾತೇ ಇಲ್ಲಿಯೂ ಬಂತು. ಟೇಪನ್ನು ಡೊಂಕಿಗೆ ಒತ್ತಿ ಅಳೆಯುವುದು ಒಂದು ಉಪಾಯ. ತಿರುವಿನ ಕೇಂದ್ರದಲ್ಲಿ ಕೋನಮಾಪಕ ಉಪಕರಣ ಇಟ್ಟು ಕೋನ ತಿರುಗಿಸಿ ಗುರುತಿಸುವುದು ಅದಕ್ಕಿಂತ ನಂಬಿಕೆಯ ಉಪಾಯ. ಅಲ್ಲಿಯೂ ಎಚ್ಚರ ಬೇಕು. 45 ಮೀಟರ್ ದೂರದಲ್ಲಿ ಹತ್ತನೇ ಒಂದು ಡಿಗ್ರಿಯ ತಪ್ಪು ಎಂಟು ಸೆಂಟಿಮೀಟರ್ ಆಗಿ ಬೀಳುತ್ತದೆ.

ಖಂಡದ ವಿಸ್ತೀರ್ಣ

ತ್ರಿಜ್ಯಾಂತರ ಖಂಡವನ್ನು ಕೇಂದ್ರದಿಂದ ಅಂಚಿಗೆ ತೆಳ್ಳನೆಯ ಪಟ್ಟಿಗಳಾಗಿ ಕತ್ತರಿಸಿ, ಒಂದನ್ನು ಚೂಪು ಮೇಲಾಗಿ, ಮುಂದಿನದನ್ನು ಚೂಪು ಕೆಳಗಾಗಿ ಪಕ್ಕಪಕ್ಕ ಜೋಡಿಸಿದರೆ ಹೆಚ್ಚುಕಡಿಮೆ ಒಂದು ಆಯತ ಸಿಗುತ್ತದೆ. ಪಟ್ಟಿಗಳು ತೆಳ್ಳಗಾದಷ್ಟೂ ಆಯತ ನೇರವಾಗುತ್ತದೆ. ಡೊಂಕು ಅಂಚುಗಳಲ್ಲಿ ಅರ್ಧ ಮೇಲೆ, ಅರ್ಧ ಕೆಳಗೆ ಬಿದ್ದಿರುವುದರಿಂದ ಆಯತದ ಅಗಲ ಕಂಸದ ಅರ್ಧ, ಎತ್ತರ ತ್ರಿಜ್ಯ. ಹೀಗಾಗಿ ವಿಸ್ತೀರ್ಣ = ½ × r × s. ತ್ರಿಕೋನದ ವಿಸ್ತೀರ್ಣಕ್ಕೆ ಪಾದ ಮತ್ತು ಎತ್ತರದ ಗುಣಲಬ್ಧದ ಅರ್ಧ ಎನ್ನುವಂತೆಯೇ ಇದು. ಇಲ್ಲಿ ಪಾದ ಡೊಂಕಾಗಿದೆ ಅಷ್ಟೇ. ಇಡೀ ವೃತ್ತಕ್ಕೆ ಇದನ್ನೇ ಅನ್ವಯಿಸಿದರೆ ಪರಿಧಿಯ ಅರ್ಧವನ್ನು ವ್ಯಾಸದ ಅರ್ಧದಿಂದ ಗುಣಿಸಬೇಕೆಂಬ ಆರ್ಯಭಟೀಯದ ನಿಯಮ ಬರುತ್ತದೆ.

s ಇರುವ ಕಡೆ rθ ಹಾಕಿದರೆ:

A = ½ r²θ

ಅದೇ ಕ್ರೀಡಾಂಗಣದ ಇನ್ನೊಂದು ಮೂಲೆಯಲ್ಲಿ ಗುಂಡು ಎಸೆತದ ಅಂಕಣವಿದೆ. ಗುಂಡು ಬೀಳಬೇಕಾದ ಜಾಗ ಒಂದು ತ್ರಿಜ್ಯಾಂತರ ಖಂಡ, ಅದರ ಕೇಂದ್ರ ಕೋನ 34.92 ಡಿಗ್ರಿ. ಈ ವಿಚಿತ್ರ ಸಂಖ್ಯೆಗೂ ಕಾರಣವಿದೆ. ಎಸೆಯುವ ವೃತ್ತದ ಕೇಂದ್ರದಿಂದ 20 ಮೀಟರ್ ದೂರದಲ್ಲಿ ಎರಡು ಗಡಿ ಗೆರೆಗಳ ನಡುವೆ ಸರಿಯಾಗಿ 12 ಮೀಟರ್ ನೇರ ಅಂತರ ಬರುವ ಕೋನ ಅದು. ಕೋನ ಅಳೆಯುವ ಉಪಕರಣವಿಲ್ಲದವರೂ ಎರಡು ಟೇಪು ಹಿಡಿದು ಈ ಖಂಡವನ್ನು ಗುರುತಿಸಬಹುದು.

34.92 ಡಿಗ್ರಿಯನ್ನು ರೇಡಿಯನ್ನಿಗೆ ಪರಿವರ್ತಿಸಿದರೆ 0.6095 ರೇಡಿಯನ್. 20 ಮೀಟರಿನ ಗೆರೆಯನ್ನು ಡೊಂಕಾಗಿ ಎಳೆಯಲು ಬೇಕಾಗುವ ಉದ್ದ 20 × 0.6095, ಅಂದರೆ 12.19 ಮೀಟರ್. ನೇರ ಅಂತರಕ್ಕಿಂತ 19 ಸೆಂಟಿಮೀಟರ್ ಹೆಚ್ಚು. ಒಳಗಿನ ವಿಸ್ತೀರ್ಣ ½ × 400 × 0.6095, ಅಂದರೆ 121.9 ಚದರ ಮೀಟರ್.

ಇದೇ ಖಂಡವನ್ನು 10 ಮೀಟರಿಗೆ ನಿಲ್ಲಿಸಿದರೆ ಕಂಸ ಅರ್ಧವಾಗಿ 6.09 ಮೀಟರ್ ಆಗುತ್ತದೆ, ಆದರೆ ವಿಸ್ತೀರ್ಣ ಕಾಲು ಭಾಗಕ್ಕೆ ಇಳಿದು 30.5 ಚದರ ಮೀಟರ್ ಆಗುತ್ತದೆ. ಕಂಸದ ಸೂತ್ರದಲ್ಲಿ r ಒಂಟಿಯಾಗಿದೆ, ವಿಸ್ತೀರ್ಣದ ಸೂತ್ರದಲ್ಲಿ ವರ್ಗವಾಗಿದೆ. ಹೀಗಾಗಿ 10ರಿಂದ 20 ಮೀಟರಿನ ನಡುವಿನ ಪಟ್ಟಿಯ ವಿಸ್ತೀರ್ಣ 91.4 ಚದರ ಮೀಟರ್, ಮೊದಲ 10 ಮೀಟರಿನ ಮೂರು ಪಟ್ಟು. ಮೈದಾನಕ್ಕೆ ಮಣ್ಣು ಹರಡಿಸುವವರು ದೂರ ಅರ್ಧವಾದರೆ ಮಣ್ಣೂ ಅರ್ಧ ಸಾಕೆಂದು ಎಣಿಸಿದರೆ ಲೆಕ್ಕ ತಪ್ಪುವುದು ಇಲ್ಲಿಯೇ.

ಎರಡು ಕಂಸಗಳ ನಡುವಿನ ಇಂಥ ಪಟ್ಟಿಗೆ ಒಂದು ಹತ್ತಿರದ ದಾರಿಯೂ ಇದೆ. ಪಟ್ಟಿಯ ನಡುವಿನ ಕಂಸದ ಉದ್ದವನ್ನು ಪಟ್ಟಿಯ ಅಗಲದಿಂದ ಗುಣಿಸಿದರೆ ವಿಸ್ತೀರ್ಣ ಬರುತ್ತದೆ. ಮೇಲಿನ ಪಟ್ಟಿಯಲ್ಲಿ ನಡುವಿನ ತ್ರಿಜ್ಯ 15 ಮೀಟರ್, ಕಂಸ 9.14 ಮೀಟರ್, ಅಗಲ 10 ಮೀಟರ್. ಗುಣಲಬ್ಧ 91.4. ಇದು ಅಂದಾಜಲ್ಲ, ಕರಾರುವಾಕ್ಕಾದ ಉತ್ತರ. ಓಟದ ಅಂಕಣದ ತಿರುವಿನಲ್ಲಿ ಮೊದಲ ಲೇನು ಹಿಡಿಯುವ ಜಾಗವನ್ನೂ ಹೀಗೆಯೇ ತಿಳಿಯಬಹುದು. ನಡುವಿನ ತ್ರಿಜ್ಯ 37.11 ಮೀಟರ್, ಕೋನ π, ಅಗಲ 1.22 ಮೀಟರ್. ಮೂರನ್ನೂ ಗುಣಿಸಿದರೆ 142.2 ಚದರ ಮೀಟರ್.

ಲೆಕ್ಕ ತಪ್ಪುವ ಜಾಗಗಳು

ಅತಿ ಸಾಮಾನ್ಯ ತಪ್ಪು rθ ಸೂತ್ರಕ್ಕೆ ಡಿಗ್ರಿಯನ್ನೇ ಹಾಕುವುದು. ಗುಂಡು ಎಸೆತದ ಖಂಡಕ್ಕೆ 20 × 34.92 ಎಂದು ಗುಣಿಸಿದರೆ ಕಂಸ 698 ಮೀಟರ್ ಬರುತ್ತದೆ. 20 ಮೀಟರ್ ತ್ರಿಜ್ಯದ ಇಡೀ ವೃತ್ತದ ಪರಿಧಿಯೇ 125.7 ಮೀಟರ್ ಇರುವಾಗ ಅದರ ಹತ್ತನೇ ಒಂದು ಪಾಲು 698 ಆಗಲಾರದು. ಉತ್ತರವನ್ನು ಪೂರ್ತಿ ವೃತ್ತದ ಪಕ್ಕ ಇಟ್ಟು ನೋಡುವ ಅಭ್ಯಾಸವಿದ್ದರೆ ಈ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ.

ಇದೇ ಗೊಂದಲ ಯಂತ್ರದಲ್ಲಿಯೂ ಇದೆ. ಕ್ಯಾಲ್ಕುಲೇಟರ್ `DEG` ಸ್ಥಿತಿಯಲ್ಲಿದ್ದರೆ sin 30ಕ್ಕೆ 0.5 ತೋರಿಸುತ್ತದೆ, `RAD` ಸ್ಥಿತಿಯಲ್ಲಿದ್ದರೆ −0.988 ತೋರಿಸುತ್ತದೆ. ಯಂತ್ರ ಕೆಟ್ಟಿಲ್ಲ. 30 ರೇಡಿಯನ್ ಎಂದರೆ ನಾಲ್ಕು ಪೂರ್ತಿ ಸುತ್ತು ಮುಗಿಸಿ ಮತ್ತೆ ಸುಮಾರು 279 ಡಿಗ್ರಿ ತಿರುಗಿದ ಕೋನ, ಅದಕ್ಕೆ ಆ ಬೆಲೆಯೇ ಸರಿ. ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ `SIN` ರೇಡಿಯನ್ನನ್ನೇ ನಿರೀಕ್ಷಿಸುತ್ತದೆ. ಡಿಗ್ರಿ ಕೈಯಲ್ಲಿದ್ದರೆ ಮೊದಲು ಪರಿವರ್ತಿಸಬೇಕು:

```
=20*RADIANS(34.92)
=SIN(RADIANS(30))
```

ಮೊದಲ ಸಾಲು ಗುಂಡು ಎಸೆತದ ಕಂಸ 12.19 ಕೊಡುತ್ತದೆ, ಎರಡನೆಯದು 0.5.

ಮೂರನೆಯದು ತ್ರಿಜ್ಯಾಂತರ ಖಂಡಕ್ಕೂ ವೃತ್ತಖಂಡಕ್ಕೂ ಆಗುವ ಗೊಂದಲ. ಜ್ಯಾ ಮತ್ತು ಕಂಸದ ನಡುವೆ ಉಳಿಯುವ ಬಿಲ್ಲಿನಾಕಾರದ ಚೂರು ವೃತ್ತಖಂಡ. ಗುಂಡು ಎಸೆತದ ಅಂಕಣದಲ್ಲಿ 20 ಮೀಟರಿನ ಎರಡು ಗೂಟಗಳ ನಡುವೆ ಹಗ್ಗವನ್ನು ನೇರ ಕಟ್ಟಿದರೆ ಒಳಗೆ ಸಿಗುವುದು ತ್ರಿಕೋನ, ½ r² sin θ ಲೆಕ್ಕದಲ್ಲಿ 114.5 ಚದರ ಮೀಟರ್. ಹಗ್ಗದ ಆಚೆಗೆ ಉಳಿದ 7.4 ಚದರ ಮೀಟರೇ ವೃತ್ತಖಂಡ. ಎರಡೂ ಸೇರಿದರೆ ತ್ರಿಜ್ಯಾಂತರ ಖಂಡ.

π ಬದಲು 22/7 ಬಳಸುವುದು ತಪ್ಪೇನಲ್ಲ, ಎಲ್ಲಿಯವರೆಗೆ ಸಲ್ಲುತ್ತದೆ ಎಂದು ತಿಳಿದಿರಬೇಕು ಅಷ್ಟೇ. ಅದು ನಿಜ ಬೆಲೆಗಿಂತ ಹತ್ತು ಸಾವಿರಕ್ಕೆ ನಾಲ್ಕರಷ್ಟು ದೊಡ್ಡದು. ಎರಡನೆಯ ಲೇನಿನ ಮುಂಗಡಕ್ಕೆ ಹಾಕಿದರೂ 7.04 ಮೀಟರೇ ಬರುತ್ತದೆ. ಆದರೆ ಇಡೀ ಸುತ್ತಿಗೆ ಹಾಕಿದರೆ 400ರ ಬದಲು 400.09 ಮೀಟರ್ ಬರುತ್ತದೆ. ಮಕ್ಕಳ ಕ್ರೀಡಾಕೂಟಕ್ಕೆ ಆ ಒಂಬತ್ತು ಸೆಂಟಿಮೀಟರ್ ಲೆಕ್ಕಕ್ಕಿಲ್ಲ, ದಾಖಲೆಯ ಓಟಕ್ಕೆ ಇದೆ.

ಕೊನೆಯದಾಗಿ ಸೂತ್ರಗಳ ಎಲ್ಲೆ. ಉದ್ದಕ್ಕೂ ತ್ರಿಜ್ಯ ಒಂದೇ ಇರುವ ಡೊಂಕಿಗೆ ಮಾತ್ರ ಇವು ಸಲ್ಲುತ್ತವೆ. ಅಂಡಾಕಾರದ ಡೊಂಕಿನಲ್ಲಿ ತ್ರಿಜ್ಯ ಹೆಜ್ಜೆಹೆಜ್ಜೆಗೂ ಬದಲಾಗುವುದರಿಂದ ಒಂದು r, ಒಂದು θ ಹಾಕಿ ಉತ್ತರ ತೆಗೆಯಲಾಗದು. ಕೆಲವು ಓಟದ ಅಂಕಣಗಳ ತಿರುವನ್ನು ಎರಡು ಬೇರೆ ಬೇರೆ ತ್ರಿಜ್ಯಗಳ ಕಂಸಗಳನ್ನು ಜೋಡಿಸಿ ಕಟ್ಟಿರುತ್ತಾರೆ. ಅಲ್ಲಿ ಪ್ರತಿ ತುಂಡಿನ ತ್ರಿಜ್ಯವನ್ನೂ ಕೋನವನ್ನೂ ಬೇರೆಯಾಗಿ ಹಿಡಿದು, rθ ಲೆಕ್ಕ ಹಾಕಿ, ಕೊನೆಗೆ ಕೂಡಿಸಬೇಕು. ಆದರೂ ತುಂಡುಗಳ ಕೋನಗಳೆಲ್ಲ ಸೇರಿ ಒಂದು ತಿರುವಿಗೆ π ಆಗಲೇಬೇಕು. ಆದ್ದರಿಂದ ಅಂಥ ಅಂಕಣದಲ್ಲಿಯೂ ಪೂರ್ತಿ ಒಂದು ಸುತ್ತಿಗೆ ಎರಡನೆಯ ಲೇನಿನ ಮುಂಗಡ ಅದೇ 7.04 ಮೀಟರ್.